ಫೋನ್ ಕನ್ನಡದಲ್ಲಿ, ಬ್ಯಾಂಕ್ ಆ್ಯಪ್ ಹಿಂದಿಯಲ್ಲಿ: ಆಂಡ್ರಾಯ್ಡ್ ಭಾಷಾ ಪಟ್ಟಿಯ ದೋಷ ಹುಡುಕುವ ಬಗೆ

ದೋಷದ ಲಕ್ಷಣ ಹೀಗಿದೆ. ಫೋನಿನ ಭಾಷೆ ಕನ್ನಡ. ಸೆಟ್ಟಿಂಗ್ಸ್, ಕರೆಗಳ ಪಟ್ಟಿ, ಗಡಿಯಾರ ಎಲ್ಲವೂ ಕನ್ನಡದಲ್ಲೇ ಕಾಣುತ್ತವೆ. ಬ್ಯಾಂಕಿನ ಆ್ಯಪ್ ತೆರೆದರೆ ಮಾತ್ರ ಪೂರ್ತಿ ಹಿಂದಿ. ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಇಂಗ್ಲಿಷಿನಲ್ಲಿದೆ. ಹವಾಮಾನ ತೋರಿಸುವ ಇನ್ನೊಂದು ಆ್ಯಪ್‌ನಲ್ಲಿ ವಿಷಯವೆಲ್ಲ ಇಂಗ್ಲಿಷ್, ದಿನಾಂಕ ಮತ್ತು ಒಂದೆರಡು ಗುಂಡಿಗಳು ಮಾತ್ರ ಕನ್ನಡ. ಮೂರು ಆ್ಯಪ್‌ಗಳು ಮೂರು ದಾರಿ ಹಿಡಿದಿವೆ, ಫೋನ್ ಒಂದೇ.

ಫೋನ್ ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರ್ ಅವರದು. ಕೂಲಿಯ ಲೆಕ್ಕ, ಹಾಜರಿ, ಹಣ ಕಳಿಸುವುದು ಎಲ್ಲವೂ ಅವರ ಕೈಯಲ್ಲೇ. ಹಣ ವರ್ಗಾಯಿಸುವ ಪರದೆಯಲ್ಲಿ ಯಾವ ಗುಂಡಿ ಮುಂದಕ್ಕೆ, ಯಾವುದು ರದ್ದಿಗೆ ಎಂದು ತಿಳಿಯದೆ ಅವರು ಆ್ಯಪ್ ಮುಟ್ಟುವುದನ್ನೇ ಬಿಟ್ಟಿದ್ದರು. ವೈರಸ್ ಹತ್ತಿದೆ ಎಂದು ಒಬ್ಬರು ಹೇಳಿದ್ದರಂತೆ. ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣ ಎಂದು ಇನ್ನೊಬ್ಬರು. ಭಾಷೆ ಬದಲಾದ ಫೋನಿಗೆ ಫ್ಯಾಕ್ಟರಿ ರೀಸೆಟ್ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೋಷ ಇದ್ದದ್ದು ಮೂರು ಸಾಲಿನ ಒಂದು ಪಟ್ಟಿಯಲ್ಲಿ.

ಮೊದಲು ಪಟ್ಟಿಯನ್ನು ನೋಡಿ

ಸೆಟ್ಟಿಂಗ್ಸ್ ತೆರೆದು ಸಿಸ್ಟಂ, ಅದರೊಳಗೆ ಭಾಷೆಗಳು ಎಂಬಲ್ಲಿಗೆ ಹೋಗಿ. ಇಂಗ್ಲಿಷ್ ಪರದೆಯಲ್ಲಿ ಇದು Settings, System, Languages ಎಂದಿರುತ್ತದೆ. ಹಳೆಯ ಆವೃತ್ತಿಗಳಲ್ಲಿ ಕೊನೆಯದು Languages & input. ಸ್ಯಾಮ್‌ಸಂಗ್ ಫೋನುಗಳಲ್ಲಿ General management ಒಳಗೆ Language ಎಂದು ಹುಡುಕಬೇಕು. ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹುಡುಕು ಪಟ್ಟಿಯಲ್ಲಿ ‘ಭಾಷೆ’ ಎಂದು ಬರೆದರೂ ಸಾಮಾನ್ಯವಾಗಿ ಸಿಗುತ್ತದೆ.

ರೈಟರ್ ಅವರ ಫೋನಿನಲ್ಲಿ ಸಿಕ್ಕ ಪಟ್ಟಿ ಇದು: 1. ಕನ್ನಡ (ಭಾರತ), 2. ಹಿಂದಿ (ಭಾರತ), 3. ಇಂಗ್ಲಿಷ್ (ಭಾರತ).

ಈ ಹಿಂದಿ ಎಲ್ಲಿಂದ ಬಂತು ಎಂದು ಕೇಳಿದೆ. ತೋಟಕ್ಕೆ ಅಸ್ಸಾಮಿನಿಂದ ಬಂದ ಕೆಲಸಗಾರರಿದ್ದಾರೆ, ಅವರಿಗೆ ಹಿಂದಿಯಲ್ಲಿ ಸಂದೇಶ ಕಳಿಸಬೇಕಿತ್ತು, ಅದಕ್ಕೆ ‘ಭಾಷೆ ಸೇರಿಸಿದೆ’ ಎಂದರು. ಅವರಿಗೆ ಬೇಕಿದ್ದದ್ದು ಹಿಂದಿ ಕೀಬೋರ್ಡ್. ಅವರು ಸೇರಿಸಿದ್ದು ಫೋನಿನ ಭಾಷಾ ಪಟ್ಟಿಗೆ. ಎರಡೂ ಸೆಟ್ಟಿಂಗ್‌ಗಳು ಅಕ್ಕಪಕ್ಕದಲ್ಲೇ ಇರುವುದರಿಂದ, ಹಳೆಯ ಆವೃತ್ತಿಗಳಲ್ಲಂತೂ ಒಂದೇ ಹೆಸರಿನಡಿ ಇದ್ದುದರಿಂದ, ಈ ಗೊಂದಲ ಸಹಜ. ಆದರೆ ಕೆಲಸ ಬೇರೆ. ಕೀಬೋರ್ಡಿನ ಭಾಷೆಗಳು ನೀವು ಏನನ್ನು ಬರೆಯಬಹುದು ಎಂಬುದನ್ನು ಮಾತ್ರ ನಿರ್ಧರಿಸುತ್ತವೆ. ಭಾಷಾ ಪಟ್ಟಿ ಆ್ಯಪ್‌ಗಳು ನಿಮಗೆ ಏನನ್ನು ತೋರಿಸಬೇಕು ಎಂಬುದನ್ನು ನಿರ್ಧರಿಸುತ್ತದೆ.

ಪಟ್ಟಿಯಲ್ಲಿ ಕನ್ನಡವೇ ಮೊದಲಿದೆಯಲ್ಲ, ಹಾಗಿದ್ದರೆ ಹಿಂದಿ ಏಕೆ ಬರಬೇಕು ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಪಟ್ಟಿಯನ್ನು ಆಂಡ್ರಾಯ್ಡ್ ಹೇಗೆ ಓದುತ್ತದೆ ಎಂಬುದು ಗೊತ್ತಿರಬೇಕು.

ಪಟ್ಟಿಯನ್ನು ಆಂಡ್ರಾಯ್ಡ್ ಓದುವ ಕ್ರಮ

2016ರಲ್ಲಿ ಬಂದ ಆಂಡ್ರಾಯ್ಡ್ 7.0ಕ್ಕಿಂತ ಮೊದಲು ಫೋನಿಗೆ ಒಂದೇ ಭಾಷೆ. ಆ್ಯಪ್‌ನಲ್ಲಿ ಕನ್ನಡ ಇದ್ದರೆ ಕನ್ನಡ, ಇಲ್ಲದಿದ್ದರೆ ಆ್ಯಪ್ ತಯಾರಿಸಿದವರು ಮೂಲವಾಗಿ ಇಟ್ಟ ಭಾಷೆ, ಬಹುತೇಕ ಇಂಗ್ಲಿಷ್. 7.0ರಿಂದ ಬಳಕೆದಾರರು ಹಲವು ಭಾಷೆಗಳನ್ನು ಕ್ರಮವಾಗಿ ಜೋಡಿಸಿಡಬಹುದು. ಕನ್ನಡ ಇಲ್ಲದ ಆ್ಯಪ್ ಎರಡನೆಯ ಭಾಷೆಯನ್ನು ನೋಡುತ್ತದೆ, ಅದೂ ಇಲ್ಲದಿದ್ದರೆ ಮೂರನೆಯದನ್ನು.

ಆ್ಯಪ್ ತೆರೆಯುವಾಗ ಆಂಡ್ರಾಯ್ಡ್ ಎರಡು ಪಟ್ಟಿಗಳನ್ನು ಎದುರುಬದುರು ಇಡುತ್ತದೆ. ಒಂದು ನಿಮ್ಮದು. ಇನ್ನೊಂದು ಆ ಆ್ಯಪ್‌ನೊಳಗೆ ಇರುವ ಭಾಷೆಗಳದು. ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಆ್ಯಪ್‌ನಲ್ಲೂ ಇರುವ ಮೊದಲ ಭಾಷೆ ಸಿಕ್ಕೊಡನೆ ನಿಲ್ಲುತ್ತದೆ. ಇಡೀ ಆ್ಯಪ್‌ಗೆ ಅದೇ ಭಾಷೆ. ಹುಡುಕಾಟ ಆ್ಯಪ್‌ಗೆ ಒಂದು ಬಾರಿ ಮಾತ್ರ ನಡೆಯುತ್ತದೆ, ಪ್ರತಿ ಸಾಲಿಗೂ ನಡೆಯುವುದಿಲ್ಲ. ಕೆಳಗಿನ ಹವಾಮಾನ ಆ್ಯಪ್‌ನ ಪ್ರಕರಣ ಪೂರ್ತಿ ಇದರ ಮೇಲೆಯೇ ನಿಂತಿದೆ.

ಇದಕ್ಕೆ ಇನ್ನೊಂದು ನಿಯಮ ಸೇರಿಕೊಂಡಿದೆ, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಇಂಗ್ಲಿಷ್ ಎಲ್ಲ ಆ್ಯಪ್‌ಗಳಲ್ಲೂ ಇದ್ದೇ ಇರುತ್ತದೆ ಎಂದು ಆಂಡ್ರಾಯ್ಡ್ ಊಹಿಸಿಕೊಳ್ಳುತ್ತದೆ. ಆ್ಯಪ್ ತಯಾರಕರು ಮೂಲ ಪಠ್ಯಕ್ಕೆ ‘ಇದು ಇಂಗ್ಲಿಷ್’ ಎಂಬ ಗುರುತು ಹಾಕುವ ಪದ್ಧತಿ ಇಲ್ಲದ್ದರಿಂದ ಗುರುತಿಲ್ಲದ ಪಠ್ಯವನ್ನೆಲ್ಲ ಅದು ಇಂಗ್ಲಿಷ್ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಮೇಲಿನಿಂದ ಇಳಿದು ಬರುವ ಹುಡುಕಾಟ ಇಂಗ್ಲಿಷ್ ತಲುಪಿದರೆ ಅಲ್ಲಿಗೆ ಮುಗಿಯಿತು. ಅದರ ಕೆಳಗೆ ನೀವು ಏನು ಇಟ್ಟರೂ ಪರದೆಯ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ.

ಈಗ ರೈಟರ್ ಅವರ ಪಟ್ಟಿಗೆ ಬನ್ನಿ. ಬ್ಯಾಂಕಿನ ಆ್ಯಪ್‌ನಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಹುಡುಕಾಟ ಕನ್ನಡವನ್ನು ದಾಟಿ ಹಿಂದಿಗೆ ಬಂದು ನಿಂತಿತು. ಬಸ್ ಆ್ಯಪ್‌ನಲ್ಲಿ ಕನ್ನಡವೂ ಇರಲಿಲ್ಲ, ಹಿಂದಿಯೂ ಇರಲಿಲ್ಲ. ಅಲ್ಲಿ ಹುಡುಕಾಟ ಎರಡನ್ನೂ ದಾಟಿ ಇಂಗ್ಲಿಷ್ ಮುಟ್ಟಿತು. ಎರಡು ಆ್ಯಪ್‌ಗಳೂ ಹೇಳಿದ್ದನ್ನೇ ಮಾಡಿದ್ದವು. ಬ್ಯಾಂಕಿನವರು ಆ್ಯಪ್‌ಗೆ ಹಿಂದಿ ಸೇರಿಸಿದ ಅಪ್‌ಡೇಟ್ ಯಾವತ್ತು ಬಂತೋ ಅವತ್ತು ಪರದೆ ಹಿಂದಿಗೆ ತಿರುಗಿರಬೇಕು. ‘ನಾನು ಏನೂ ಮುಟ್ಟಲಿಲ್ಲ, ತಾನಾಗಿಯೇ ಬದಲಾಯಿತು’ ಎಂದು ಜನ ಹೇಳುವುದು ಹೆಚ್ಚಾಗಿ ನಿಜವೇ. ಪಟ್ಟಿ ತಿಂಗಳುಗಟ್ಟಲೆ ಹಿಂದಿನದಾಗಿರುತ್ತದೆ, ಆ್ಯಪ್‌ಗೆ ಹೊಸ ಭಾಷೆ ಬಂದದ್ದು ನಿನ್ನೆ.

ಕ್ರಮ ಬದಲಿಸುವುದು

ಬ್ಯಾಂಕ್ ಆ್ಯಪ್‌ನ ದೋಷಕ್ಕೆ ಎರಡು ಪರಿಹಾರಗಳಿವೆ. ಹಿಂದಿಯನ್ನು ಪಟ್ಟಿಯಿಂದ ತೆಗೆಯುವುದು, ಇಲ್ಲವೇ ಇಂಗ್ಲಿಷನ್ನು ಎಳೆದು ಹಿಂದಿಯ ಮೇಲೆ ಇಡುವುದು. ಪ್ರತಿ ಭಾಷೆಯ ಸಾಲಿನ ಬಲತುದಿಯಲ್ಲಿ ಅಡ್ಡಗೆರೆಗಳ ಒಂದು ಹಿಡಿ ಇರುತ್ತದೆ. ಅದರ ಮೇಲೆ ಬೆರಳಿಟ್ಟು, ಬೆರಳು ಎತ್ತದೆ, ಮೇಲಕ್ಕೆ ಅಥವಾ ಕೆಳಕ್ಕೆ ಎಳೆಯಬೇಕು. ಸಾಲಿನ ಹೆಸರಿನ ಮೇಲೆ ಒತ್ತಿದರೆ ಸಾಲು ಜರುಗುವುದಿಲ್ಲ, ಹಿಡಿಯನ್ನೇ ಹಿಡಿಯಬೇಕು. ಸಾಮಾನ್ಯವಾಗಿ ಬೆರಳು ಬಿಟ್ಟೊಡನೆ ಹೊಸ ಕ್ರಮ ಜಾರಿಗೆ ಬರುತ್ತದೆ, ಉಳಿಸು ಎಂಬ ಗುಂಡಿ ಇರುವುದಿಲ್ಲ. ಮೊದಲ ಸ್ಥಾನದ ಭಾಷೆಯನ್ನೇ ಬದಲಿಸಿದರೆ ಹೊಸ ಆವೃತ್ತಿಗಳು ‘ಸಿಸ್ಟಂ ಭಾಷೆ ಬದಲಿಸಲೇ’ ಎಂದು ಕೇಳುತ್ತವೆ. ಕೆಳಗಿನ ಸ್ಥಾನಗಳನ್ನು ಅದಲುಬದಲು ಮಾಡಿದರೆ ಸುಮ್ಮನೆ ಒಪ್ಪಿಕೊಳ್ಳುತ್ತವೆ. ತೆಗೆಯಲು ಮೇಲಿನ ಮೂರು ಚುಕ್ಕಿಗಳ ಮೆನುವಿನಲ್ಲಿ ತೆಗೆದುಹಾಕುವ ಆಯ್ಕೆ ಇರುತ್ತದೆ.

ಹೊಸದಾಗಿ ಸೇರಿಸುವವರು ಅದೇ ಪುಟದಲ್ಲಿ ಭಾಷೆ ಸೇರಿಸುವ ಸಾಲನ್ನು ಒತ್ತಿ, ಭಾಷೆಯನ್ನೂ ಕೇಳಿದರೆ ಪ್ರದೇಶವನ್ನೂ ಆರಿಸಬೇಕು. ಇಂಗ್ಲಿಷ್ ಆರಿಸುವಾಗ ಭಾರತವನ್ನೇ ಆರಿಸಿ. ಅಮೆರಿಕ ಆರಿಸಿದರೆ ಇಂಗ್ಲಿಷಿಗೆ ಇಳಿದ ಆ್ಯಪ್‌ಗಳಲ್ಲಿ ತಿಂಗಳು ಮುಂದೆ, ದಿನ ಹಿಂದೆ ಬರುವ ದಿನಾಂಕ ಎದುರಾಗುತ್ತದೆ. ಲಕ್ಷದ ಜಾಗದಲ್ಲಿ ಅಲ್ಪವಿರಾಮ ಬೀಳದೆ ಸಾವಿರಗಳ ಲೆಕ್ಕದಲ್ಲಿ ಬೀಳುತ್ತದೆ. ಹೊಸ ಭಾಷೆ ಸಾಮಾನ್ಯವಾಗಿ ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ನಂತರ ಎಳೆದು ಜಾಗಕ್ಕೆ ತರುವುದು ನಿಮ್ಮ ಕೆಲಸ. ಕೆಲವು ಕಂಪನಿಗಳ ಫೋನುಗಳಲ್ಲಿ ಪಟ್ಟಿಯೇ ಇರುವುದಿಲ್ಲ, ಒಂದು ಭಾಷೆಯನ್ನು ಮಾತ್ರ ಆರಿಸಬಹುದು. ಅಂಥ ಫೋನಿನಲ್ಲಿ ಮುಂದೆ ಹೇಳುವ, ಆ್ಯಪ್‌ಗೆ ಪ್ರತ್ಯೇಕ ಭಾಷೆ ಕೊಡುವ ದಾರಿ ಇದೆಯೇ ನೋಡಬೇಕು.

ರೈಟರ್ ಅವರ ಫೋನಿನಲ್ಲಿ ಹಿಂದಿಯನ್ನು ಪೂರ್ತಿ ತೆಗೆದೆವು. ಇಂಗ್ಲಿಷನ್ನು ಎರಡನೆಯ ಸ್ಥಾನಕ್ಕೆ ತಂದು ಹಿಂದಿಯನ್ನು ಮೂರನೆಯದಾಗಿ ಬಿಟ್ಟಿದ್ದರೂ ಪರದೆಯ ಮೇಲೆ ಫಲ ಒಂದೇ, ಇಂಗ್ಲಿಷಿನ ಕೆಳಗಿನ ಹಿಂದಿಯನ್ನು ಯಾವ ಆ್ಯಪ್‌ ಪರದೆಯೂ ತಲುಪುವುದಿಲ್ಲ. ಆದರೆ ಪೂರ್ತಿ ಪಟ್ಟಿಯನ್ನು ಕೇಳಿ ತಿಳಿದುಕೊಳ್ಳುವ ಆ್ಯಪ್‌ಗಳೂ ಇವೆ. ಅವಕ್ಕೆ ಈ ಬಳಕೆದಾರರಿಗೆ ಹಿಂದಿಯೂ ಬರುತ್ತದೆ ಎಂಬ ಸುಳಿವು ಸಿಗುತ್ತದೆ. ಅವರಿಗೆ ಆ ಸುಳಿವು ಬೇಕಿರಲಿಲ್ಲ. ಹಿಂದಿ ಓದಬಲ್ಲವರು ಬೇಕಾದರೆ ಇಟ್ಟುಕೊಳ್ಳಬಹುದು.

ಸಂದೇಶ ಬರೆಯಲು ಹಿಂದಿಯನ್ನು ಕೀಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಟ್ಟೆ. ಜಿಬೋರ್ಡ್ ಆದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳು, ಅಲ್ಲಿ Add keyboard. ಗೋಳದ ಗುರುತಿನ ಕೀಲಿ ಒತ್ತಿ ಕನ್ನಡದಿಂದ ಹಿಂದಿಗೆ ಹೋಗಬಹುದು. ಬ್ಯಾಂಕ್ ಆ್ಯಪ್‌ಗೆ ಇದರ ಸುಳಿವೂ ಹತ್ತುವುದಿಲ್ಲ.

ಕ್ರಮ ಬದಲಿಸಿದ ಮೇಲೆ ಬ್ಯಾಂಕ್ ಆ್ಯಪ್ ಇಂಗ್ಲಿಷಿಗೆ ಬಂತು. ಕನ್ನಡಕ್ಕೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ, ಏಕೆಂದರೆ ಅದರಲ್ಲಿ ಕನ್ನಡ ಇಲ್ಲ. ಪಟ್ಟಿ ಇರುವ ಭಾಷೆಗಳಲ್ಲಿ ಒಂದನ್ನು ಆರಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ‘ಇಂಗ್ಲಿಷಾದರೆ ಹೇಗೋ ನಡೆಸುತ್ತೇನೆ ಸರ್’ ಎಂದರು ರೈಟರ್.

ಪಟ್ಟಿಗೆ ಕಿವಿಗೊಡದ ಆ್ಯಪ್‌ಗಳು

ಪಟ್ಟಿ ಸರಿಪಡಿಸಿದ ಮೇಲೂ ಒಂದು ಆ್ಯಪ್ ಹಠ ಹಿಡಿದರೆ ಮೊದಲು ಆ ಆ್ಯಪ್‌ನ ಸ್ವಂತ ಸೆಟ್ಟಿಂಗ್ಸ್ ನೋಡಿ. ಹಲವು ಆ್ಯಪ್‌ಗಳಲ್ಲಿ ಮೊದಲ ಬಾರಿ ತೆರೆದಾಗಲೇ ಭಾಷೆ ಕೇಳುತ್ತಾರೆ. ಅಲ್ಲಿ ಒಂದು ಸಲ ಆರಿಸಿದರೆ ಫೋನಿನ ಪಟ್ಟಿ ಅದಕ್ಕೆ ಲೆಕ್ಕವಿಲ್ಲ. ಹಣ ಪಾವತಿಯ ಮತ್ತು ಸರ್ಕಾರಿ ಸೇವೆಯ ಆ್ಯಪ್‌ಗಳಲ್ಲಿ ಇದು ಹೆಚ್ಚು.

ಎರಡನೆಯದು, ಆಂಡ್ರಾಯ್ಡ್ 13ರಿಂದ, ಅಂದರೆ 2022ರಿಂದ, ಫೋನಿನ ಸೆಟ್ಟಿಂಗ್ಸ್‌ನಲ್ಲೇ ಆ್ಯಪ್‌ಗೊಂದು ಭಾಷೆ ಆರಿಸುವ ಸೌಲಭ್ಯವಿದೆ. ಭಾಷೆಗಳ ಪುಟದಲ್ಲಿ App languages ಎಂಬ ಸಾಲು ಅದು. ಇಲ್ಲಿ ಆರಿಸಿದ ಭಾಷೆ ಆ ಒಂದು ಆ್ಯಪ್‌ನ ಮಟ್ಟಿಗೆ ಪಟ್ಟಿಯ ತಲೆಯ ಮೇಲೆ ಕೂರುತ್ತದೆ, ಸಾಮಾನ್ಯ ಪಟ್ಟಿ ಅದರ ಹಿಂದೆ ಮುಂದುವರಿಯುತ್ತದೆ. ತಾವೇ ಅಥವಾ ಮನೆಯ ಮಕ್ಕಳು ಹಿಂದೆ ಯಾವತ್ತೋ ಇಲ್ಲಿ ಏನನ್ನೋ ಆರಿಸಿ ಮರೆತಿರುವುದು ಅಪರೂಪವಲ್ಲ. ಫೋನ್ ಇಂಗ್ಲಿಷಿನಲ್ಲೇ ಇರಲಿ, ಒಂದೇ ಒಂದು ಆ್ಯಪ್ ಕನ್ನಡದಲ್ಲಿ ಬೇಕು ಎನ್ನುವವರಿಗೆ ಇದೇ ಸರಿಯಾದ ಜಾಗ. ಇಂಗ್ಲಿಷ್ ಮೇಲೆ, ಕನ್ನಡ ಕೆಳಗೆ ಎಂದು ಪಟ್ಟಿ ಮಾಡಿಟ್ಟುಕೊಂಡು ಕಾಯುವುದರಿಂದ ಏನೂ ಆಗದು. ಎಲ್ಲ ಆ್ಯಪ್‌ಗಳೂ ಆ ಪುಟದಲ್ಲಿ ಕಾಣುವುದಿಲ್ಲ. ತಮ್ಮಲ್ಲಿ ಯಾವ ಭಾಷೆಗಳಿವೆ ಎಂದು ಘೋಷಿಸಿಕೊಂಡ ಆ್ಯಪ್‌ಗಳಷ್ಟೇ ಕಾಣುತ್ತವೆ.

ಮೂರನೆಯ ಕಾರಣ, ಪಠ್ಯ ಆ್ಯಪ್‌ನೊಳಗೆ ಇರದೆ ಸರ್ವರ್‌ನಿಂದ ಬರುವುದು. ಇದನ್ನು ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಆ್ಯಪ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಆಗಲೂ ಕಾಣುವ ಮೆನು, ಗುಂಡಿ, ತಲೆಬರಹಗಳು ಸಾಮಾನ್ಯವಾಗಿ ಆ್ಯಪ್‌ನ ಒಳಗಿನವು. ಅವಕ್ಕೆ ಪಟ್ಟಿ ಅನ್ವಯಿಸುತ್ತದೆ. ಕಾಣದೆ ಹೋದದ್ದು ಸರ್ವರ್‌ನಿಂದ ಬರುವ ಪಠ್ಯ. ಅದರ ಭಾಷೆಯನ್ನು ಕಳಿಸುವವರು ನಿರ್ಧರಿಸುತ್ತಾರೆ. ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ ಕೂಡ ಹಾಗೆಯೇ. ಫೋನಿನ ಪಟ್ಟಿ ಎಷ್ಟು ತಿರುಗಿಸಿದರೂ ಅವು ಕದಲುವುದಿಲ್ಲ.

ಅರ್ಧ ಕನ್ನಡದ ಆ್ಯಪ್

ರೈಟರ್ ಅವರ ಫೋನಿನ ನಿಜವಾದ ಒಗಟು ಹವಾಮಾನದ ಆ್ಯಪ್. ಮಳೆ ಬರುವ ಹೊತ್ತು, ಗಾಳಿಯ ವೇಗ, ಎಚ್ಚರಿಕೆಗಳು ಎಲ್ಲ ಇಂಗ್ಲಿಷ್. ಮೇಲ್ಗಡೆ ‘ಮಂಗಳವಾರ’ ಎಂದು ಕನ್ನಡದಲ್ಲಿ. ದಿನಾಂಕ ಆರಿಸುವ ಪುಟ್ಟ ಚೌಕ ತೆರೆದರೆ ‘ಸರಿ’, ‘ರದ್ದುಮಾಡಿ’ ಎಂಬ ಗುಂಡಿಗಳು. ಆ್ಯಪ್‌ನ ಮಾಹಿತಿ ಪುಟದಲ್ಲಿ ಲಭ್ಯ ಭಾಷೆಗಳು ಇಂಗ್ಲಿಷ್ ಮತ್ತು ಹಿಂದಿ ಎಂದು ಬರೆದಿತ್ತು. ಹಾಗಿದ್ದರೆ, ಹಳೆಯ ಪಟ್ಟಿಯ ಪ್ರಕಾರ, ಬ್ಯಾಂಕಿನ ಆ್ಯಪ್‌ನಂತೆ ಇದೂ ಹಿಂದಿಯಲ್ಲಿ ಕಾಣಬೇಕಿತ್ತು. ಕಾಣಲಿಲ್ಲ.

ಕಾರಣ ಆ್ಯಪ್‌ನೊಳಗೆ ಬೇರೆಯವರು ಬರೆದ ತುಣುಕುಗಳು. ದಿನಾಂಕ ಆರಿಸುವ ಚೌಕ, ಪ್ಲೇ ಸೇವೆಗಳ ಸಂದೇಶಗಳು ಮುಂತಾದವನ್ನು ಆ್ಯಪ್ ತಯಾರಕರು ತಾವೇ ಬರೆಯುವುದಿಲ್ಲ, ಸಿದ್ಧ ಲೈಬ್ರರಿಗಳಿಂದ ತೆಗೆದುಕೊಳ್ಳುತ್ತಾರೆ. ಗೂಗಲ್ ಕೊಡುವ ಅಂಥ ಲೈಬ್ರರಿಗಳಲ್ಲಿ ಕನ್ನಡವೂ ಸೇರಿ ಹತ್ತಾರು ಭಾಷೆಗಳ ಪಠ್ಯ ಮೊದಲೇ ಇರುತ್ತದೆ. ಆ್ಯಪ್ ಕಟ್ಟುವಾಗ ಅದೆಲ್ಲವೂ ಒಳಗೆ ಬಂದು ಕೂರುತ್ತದೆ. ಆಂಡ್ರಾಯ್ಡ್ ಬಂದು ‘ಇದರಲ್ಲಿ ಕನ್ನಡ ಇದೆಯೇ’ ಎಂದು ನೋಡಿದರೆ, ಇದೆ. ನಾಲ್ಕು ಗುಂಡಿಗಳಿಗೆ ಮಾತ್ರ ಇದೆ ಎಂಬುದನ್ನು ಅದು ನೋಡುವುದಿಲ್ಲ. ಕನ್ನಡ ಸಿಕ್ಕಿತು ಎಂದು ಹುಡುಕಾಟ ನಿಲ್ಲಿಸುತ್ತದೆ. ಆ್ಯಪ್‌ನ ಸ್ವಂತ ಸಾಲುಗಳಿಗೆ ಕನ್ನಡ ಇಲ್ಲದ್ದರಿಂದ ಅವು ನೇರವಾಗಿ ಮೂಲ ಪಠ್ಯಕ್ಕೆ, ಅಂದರೆ ಇಂಗ್ಲಿಷಿಗೆ ಬೀಳುತ್ತವೆ. ಎರಡನೆಯ ಸ್ಥಾನದ ಹಿಂದಿಯನ್ನು ಯಾರೂ ಕೇಳುವುದೇ ಇಲ್ಲ.

ಇಲ್ಲಿ ದಿನಾಂಕವೇ ಸಾಕ್ಷಿ. ಆಂಡ್ರಾಯ್ಡ್ ಒಂದು ಆ್ಯಪ್‌ಗೆ ಯಾವ ಭಾಷೆಯನ್ನು ಗೊತ್ತುಮಾಡಿದೆಯೋ ಅದರಲ್ಲೇ ವಾರ, ತಿಂಗಳುಗಳ ಹೆಸರು ಬರುತ್ತದೆ. ಆ ಹೆಸರುಗಳು ಫೋನಿನ ಸ್ವಂತ ದತ್ತಾಂಶ, ಆ್ಯಪ್ ಅನುವಾದಿಸಬೇಕಿಲ್ಲ. ಆದ್ದರಿಂದ ಪಠ್ಯ ಇಂಗ್ಲಿಷ್, ವಾರದ ಹೆಸರು ಕನ್ನಡ ಎಂದು ಕಂಡರೆ ಆ ಆ್ಯಪ್‌ಗೆ ಫೋನ್ ಕನ್ನಡವನ್ನೇ ಆರಿಸಿದೆ, ಕೊರತೆ ಆ್ಯಪ್‌ನ ಒಳಗಿದೆ. ಪಠ್ಯವೂ ಇಂಗ್ಲಿಷ್, ವಾರವೂ ಇಂಗ್ಲಿಷ್ ಆದರೆ ಹುಡುಕಾಟ ಕನ್ನಡವನ್ನು ದಾಟಿ ಇಂಗ್ಲಿಷಿಗೆ ಇಳಿದಿದೆ. ಬಸ್ ಆ್ಯಪ್‌ನಲ್ಲಿ ಪ್ರಯಾಣದ ದಿನ ಇಂಗ್ಲಿಷಿನಲ್ಲೇ ಇತ್ತು. ದಿನಾಂಕವನ್ನು ತಾವೇ ಇಂಗ್ಲಿಷಿಗೆ ಬಿಗಿದಿಡುವ ಆ್ಯಪ್‌ಗಳೂ ಇವೆ, ಅವುಗಳಲ್ಲಿ ಈ ಪರೀಕ್ಷೆ ಕೆಲಸಕ್ಕೆ ಬಾರದು.

ಬಳಕೆದಾರರು ಇದಕ್ಕೆ ಮಾಡಬಹುದಾದದ್ದು ಕಡಿಮೆ. ಪಟ್ಟಿಯ ಕೆಳಗಿನ ಸಾಲುಗಳನ್ನು ಎಷ್ಟು ಅದಲುಬದಲು ಮಾಡಿದರೂ ಈ ಆ್ಯಪ್ ಬದಲಾಗುವುದಿಲ್ಲ, ಏಕೆಂದರೆ ಅದು ಮೊದಲ ಸಾಲನ್ನೇ ದಾಟಿಲ್ಲ. App languages ಪುಟದಲ್ಲಿ ಅದು ಇದ್ದರೆ ಇಂಗ್ಲಿಷ್ ಅಥವಾ ಹಿಂದಿಯನ್ನು ಅದಕ್ಕೆಂದೇ ಆರಿಸಬಹುದು. ಪೂರ್ತಿ ಒಂದು ಭಾಷೆಯಾದರೂ ಸಿಗುತ್ತದೆ. ಕನ್ನಡಕ್ಕಾಗಿ ಪಟ್ಟಿ ತಿರುಗಿಸುತ್ತಾ ಕೂರುವುದು ವ್ಯರ್ಥ.

ಮೂಲ ಪಠ್ಯವೇ ಹಿಂದಿಯಲ್ಲಿದ್ದು, ಇಂಗ್ಲಿಷಿಗೆ ಪ್ರತ್ಯೇಕ ಅನುವಾದವನ್ನೂ ಇಡದ ಆ್ಯಪ್‌ನಲ್ಲಿ ಇದರ ತಿರುಗು ಕಾಣುತ್ತದೆ. ನಿಮ್ಮ ಪಟ್ಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡೇ ಇವೆ, ಹಿಂದಿಯ ಸೊಲ್ಲೇ ಇಲ್ಲ, ಆದರೂ ಪರದೆ ಹಿಂದಿ. ಗುರುತಿಲ್ಲದ ಪಠ್ಯ ಇಂಗ್ಲಿಷ್ ಎಂದು ನಂಬಿ ಆಂಡ್ರಾಯ್ಡ್ ಅದನ್ನು ಎತ್ತಿ ಕೊಟ್ಟಿದೆ. ಇದನ್ನೂ ಫೋನಿನ ಕಡೆಯಿಂದ ಸರಿಪಡಿಸಲಾಗದು.

ಕನ್ನಡ ಇದ್ದೂ ಬಾರದಿದ್ದರೆ

ಇನ್ನೊಂದು ಬಗೆಯ ದೂರು ಹಾಸನದ ಕಡೆಯಿಂದ ಬಂತು. ಬೇಲೂರಿನ ನಿವೃತ್ತ ಮೇಷ್ಟ್ರೊಬ್ಬರ ಫೋನ್. ಅವರು ಇಂಗ್ಲಿಷಿನಲ್ಲಿದ್ದ ಫೋನಿಗೆ ಕನ್ನಡ ಸೇರಿಸಿ ಮೊದಲ ಸ್ಥಾನಕ್ಕೆ ತಂದರು. ಅವರ ಮಗನ ಫೋನಿನಲ್ಲಿ ಕನ್ನಡದಲ್ಲೇ ಕಾಣುವ ಆ್ಯಪ್ ಇವರಲ್ಲಿ ಇಂಗ್ಲಿಷಿನಲ್ಲೇ ಉಳಿಯಿತು. ಪಟ್ಟಿ ಸರಿಯಿದೆ, ಆ್ಯಪ್‌ನಲ್ಲಿ ಕನ್ನಡವೂ ಇದೆ.

ಪ್ಲೇ ಸ್ಟೋರ್ ಈಗ ಬಹಳಷ್ಟು ಆ್ಯಪ್‌ಗಳನ್ನು ಇಡಿಯಾಗಿ ಕಳಿಸುವುದಿಲ್ಲ, ತುಂಡು ಮಾಡಿ ಕಳಿಸುತ್ತದೆ. ಹಾಕಿಕೊಳ್ಳುವ ಹೊತ್ತಿಗೆ ಫೋನಿನ ಪಟ್ಟಿಯಲ್ಲಿ ಯಾವ ಭಾಷೆಗಳಿವೆಯೋ ಅವುಗಳ ತುಂಡುಗಳಷ್ಟೇ ಬರುತ್ತವೆ. ಆಮೇಲೆ ಪಟ್ಟಿಗೆ ಕನ್ನಡ ಸೇರಿಸಿದರೆ ಪ್ಲೇ ಸ್ಟೋರ್ ಕನ್ನಡದ ತುಂಡನ್ನು ಹಿನ್ನೆಲೆಯಲ್ಲಿ ತರಿಸಿಕೊಳ್ಳುತ್ತದೆ. ಅದಕ್ಕೆ ಇಂಟರ್ನೆಟ್ ಬೇಕು. ಮಲೆನಾಡಿನಲ್ಲಿ ಸಿಗ್ನಲ್ ಸಿಗುವುದು ಮನೆಯ ಒಂದು ಮೂಲೆಯಲ್ಲಿ, ಡೇಟಾ ಉಳಿತಾಯ ಬೇರೆ ಚಾಲೂ ಇರುತ್ತದೆ, ತುಂಡು ಬರುವುದು ತಡವಾಗುತ್ತದೆ. ಒಳ್ಳೆಯ ವೈಫೈ ಇರುವಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಪ್ಲೇ ಸ್ಟೋರ್ ತೆರೆದು ಆ್ಯಪ್ ಅಪ್‌ಡೇಟ್ ಮಾಡಿ ನೋಡುವುದು ಮೊದಲ ಹೆಜ್ಜೆ.

ಮೇಷ್ಟ್ರ ವಿಷಯದಲ್ಲಿ ಅದೂ ಸಾಲಲಿಲ್ಲ. ಆ್ಯಪ್ ಪ್ಲೇ ಸ್ಟೋರಿನಿಂದ ಬಂದದ್ದೇ ಅಲ್ಲ, ಡೇಟಾ ಉಳಿಸಲೆಂದು ನೆರೆಯವರ ಫೋನಿನಿಂದ ನೇರ ಕಳಿಸಿಕೊಂಡದ್ದು. ಕಳಿಸಿದ ಫೋನ್ ಇಂಗ್ಲಿಷಿನಲ್ಲಿದ್ದರೆ ಅದರಲ್ಲಿ ಇಂಗ್ಲಿಷಿನ ತುಂಡು ಮಾತ್ರ ಇರುತ್ತದೆ, ಬರುವುದೂ ಅದೇ. adb ಎಂಬ ಉಪಕರಣ ಹಾಕಿರುವ ಕಂಪ್ಯೂಟರಿಗೆ ಫೋನ್ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಚಾಲೂ ಮಾಡಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಕೊನೆಯಲ್ಲಿ `com.example.app` ಇರುವ ಜಾಗಕ್ಕೆ ಆ್ಯಪ್‌ನ ಪ್ಯಾಕೇಜ್ ಹೆಸರನ್ನು, ಅಂದರೆ ಫೋನ್ ಅದನ್ನು ಗುರುತಿಸುವ ಹೆಸರನ್ನು, ಹಾಕಬೇಕು:

```
adb shell pm path com.example.app
```

ಉತ್ತರವಾಗಿ ಬಂದ ಸಾಲುಗಳಲ್ಲಿ `split_config.en.apk` ಇದ್ದು `split_config.kn.apk` ಇಲ್ಲದಿದ್ದರೆ ಕನ್ನಡದ ತುಂಡು ಫೋನಿಗೆ ಬಂದೇ ಇಲ್ಲ. `base.apk` ಒಂದೇ ಇದ್ದರೆ ಆ್ಯಪ್ ತುಂಡಾಗದೆ ಇಡಿಯಾಗಿ ಬಂದಿದೆ, ಕಾರಣ ಬೇರೆ ಕಡೆ ಹುಡುಕಬೇಕು. ಕಂಪ್ಯೂಟರ್ ಎದುರಿಗೇ ಇದ್ದರೆ ಇನ್ನೆರಡು ಆಜ್ಞೆಗಳೂ ಉಪಯೋಗಕ್ಕೆ ಬರುತ್ತವೆ. ಮೊದಲನೆಯದು ಫೋನಿನ ಪೂರ್ತಿ ಪಟ್ಟಿಯನ್ನು ಕ್ರಮವಾಗಿ ಹೇಳುತ್ತದೆ. ಎರಡನೆಯದು, ಆಂಡ್ರಾಯ್ಡ್ 13 ಮತ್ತು ಮೇಲಿನವುಗಳಲ್ಲಿ, ಆ ಒಂದು ಆ್ಯಪ್‌ಗೆ ಯಾರಾದರೂ ಬೇರೆ ಭಾಷೆ ಆರಿಸಿಟ್ಟಿದ್ದಾರೆಯೇ ಎಂದು ತಿಳಿಸುತ್ತದೆ:

```
adb shell settings get system system_locales
adb shell cmd locale get-app-locales com.example.app
```

ರೈಟರ್ ಅವರ ಫೋನಿನಲ್ಲಿ ದುರಸ್ತಿಗೆ ಮುಂಚೆ ಮೊದಲ ಆಜ್ಞೆಗೆ ಬಂದ ಉತ್ತರ `kn-IN,hi-IN,en-IN`. ಪರದೆಯ ಮೇಲಿನ ಪಟ್ಟಿಯೇ ಇದು.

ಮೇಷ್ಟ್ರ ಆ್ಯಪ್ ತೆಗೆದುಹಾಕಿ, ಪಟ್ಟಿಯಲ್ಲಿ ಕನ್ನಡ ಮೊದಲಿರುವಾಗಲೇ ಪ್ಲೇ ಸ್ಟೋರಿನಿಂದ ಹಾಕಿಕೊಂಡ ಮೇಲೆ ಕನ್ನಡ ಬಂತು. ಇದೇ ಚಿಕಿತ್ಸೆಯನ್ನು ಬ್ಯಾಂಕ್ ಅಥವಾ ಹಣ ಪಾವತಿಯ ಆ್ಯಪ್‌ಗೆ ಮಾಡುವ ಮುನ್ನ ಯೋಚಿಸಿ. ಮತ್ತೆ ನೋಂದಣಿ ಮಾಡಬೇಕಾಗುತ್ತದೆ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು ಎಸ್ಸೆಮ್ಮೆಸ್ ಹೋಗುವಷ್ಟು ಸಿಗ್ನಲ್ ಇರಬೇಕು. ಭಾಷೆ ಸರಿಮಾಡಲು ಹೋಗಿ ಸಂತೆಯ ದಿನ ಹಣವೇ ಸಿಗದಂತಾಗಬಾರದು.

ಹವಾಮಾನದ ಆ್ಯಪ್‌ನವರಿಗೆ ಬರೆದದ್ದು

ಅರ್ಧ ಕನ್ನಡದ ಆ್ಯಪ್ ತಯಾರಕರಿಗೆ ‘ನಿಮ್ಮ ಆ್ಯಪ್‌ನಲ್ಲಿ ಕನ್ನಡ ಸರಿಯಿಲ್ಲ’ ಎಂದಷ್ಟೇ ಬರೆದರೆ, ‘ನಾವು ಕನ್ನಡ ಕೊಟ್ಟೇ ಇಲ್ಲವಲ್ಲ’ ಎಂದು ಉತ್ತರ ಬರುತ್ತದೆ. ಅವರ ಮಟ್ಟಿಗೆ ಅದು ಸರಿಯೇ. ಬರೆಯುವಾಗ ಮೂರು ಸಂಗತಿಗಳನ್ನು ಕೊಡಿ: ಫೋನಿನ ಭಾಷೆಗಳ ಕ್ರಮ, ಕನ್ನಡದಲ್ಲಿ ಕಂಡ ಗುಂಡಿಯ ಪರದೆಚಿತ್ರ, ಅದೇ ಪರದೆಯ ಇಂಗ್ಲಿಷ್ ಸಾಲು. ಅದರ ಕೆಳಗೆ, ಲೈಬ್ರರಿಗಳ ಜೊತೆ ಬಂದ ಕನ್ನಡದ ಪಠ್ಯದಿಂದಾಗಿ ನಿಮ್ಮ ಆ್ಯಪ್ ಕನ್ನಡ ಬಲ್ಲದೆಂದು ಆಂಡ್ರಾಯ್ಡ್ ತಿಳಿದಿದೆ, ಆದ್ದರಿಂದ ನೀವು ಹಾಕಿರುವ ಹಿಂದಿ ಎರಡನೆಯ ಸ್ಥಾನದಲ್ಲಿಟ್ಟವರಿಗೆ ತಲುಪುತ್ತಿಲ್ಲ ಎಂದು ಸೇರಿಸಿ. ಹಿಂದಿ ಅನುವಾದಕ್ಕೆ ಹಣ ಖರ್ಚು ಮಾಡಿದವರಿಗೆ ಈ ಸಾಲು ಬೇಗ ನಾಟುತ್ತದೆ.

ಅವರ ಕಡೆಯ ದುರಸ್ತಿ ಚಿಕ್ಕದು. ಆ್ಯಪ್ ಕಟ್ಟುವಾಗ ತಾವು ನಿಜವಾಗಿ ಅನುವಾದಿಸಿದ ಭಾಷೆಗಳನ್ನಷ್ಟೇ ಉಳಿಸಿಕೊಳ್ಳಬೇಕು. `build.gradle` ಕಡತದ `android` ಭಾಗದಲ್ಲಿ ಬಹುಕಾಲ ಬಳಕೆಯಲ್ಲಿದ್ದ ದಾರಿ ಇದು, ಹೊಸ ಆವೃತ್ತಿಗಳಲ್ಲಿ ಇದರ ಜಾಗಕ್ಕೆ `androidResources` ಒಳಗಿನ `localeFilters` ಬಂದಿದೆ:

```
defaultConfig {
    resConfigs "en", "hi"
}
```

ಹೀಗೆ ಮಾಡಿದ ಆವೃತ್ತಿ ಬಂದ ದಿನ ಆ್ಯಪ್‌ನಿಂದ ‘ಸರಿ’, ‘ರದ್ದುಮಾಡಿ’ ಗುಂಡಿಗಳ ಕನ್ನಡವೂ ಹೋಗುತ್ತದೆ, ‘ಮಂಗಳವಾರ’ವೂ ಹೋಗುತ್ತದೆ. ರೈಟರ್ ಅವರಿಗೆ ಇದನ್ನು ಮೊದಲೇ ಹೇಳಿಟ್ಟಿದ್ದೇನೆ, ಇಲ್ಲದಿದ್ದರೆ ಇದ್ದ ಕನ್ನಡವನ್ನೂ ತೆಗೆಸಿದೆ ಎಂದು ಬೈಯುತ್ತಾರೆ. ಕನ್ನಡ, ಇಂಗ್ಲಿಷ್ ಎಂಬ ಅವರ ಈಗಿನ ಪಟ್ಟಿಯಲ್ಲಿ ಆ ಆ್ಯಪ್ ಪೂರ್ತಿ ಇಂಗ್ಲಿಷ್ ಆಗುತ್ತದೆ. ಅದರ ತಯಾರಕರು ಕನ್ನಡ ಹಾಕಿ `"kn"` ಸೇರಿಸಿದ ಅಪ್‌ಡೇಟ್ ಬಂದರೆ, ಫೋನಿನಲ್ಲಿ ಏನನ್ನೂ ಮುಟ್ಟದೆಯೇ ಕನ್ನಡಕ್ಕೆ ತಿರುಗುತ್ತದೆ.